ಮಾಸಿದ ದಿನಚರಿಯ ಫೋಟೋ: ‘ಕೊಳವೆ’ ಎಂದು ಕಾಣುವ ಪದ ಬೇರೆಯೇ ಇರಬಹುದೆ?

ನಿವೃತ್ತ ಶಿಕ್ಷಕಿ, ಮಂಡ್ಯ
ನಮಸ್ಕಾರ. ನನ್ನ ದಿವಂಗತ ಪತಿಯವರು ಮದುವೆಗೆ ಮುಂಚೆ, 1971ರಲ್ಲಿ, ಪುತ್ತೂರಿನ ಕಡೆ ಗ್ರಾಮಸೇವಕರಾಗಿದ್ದಾಗ ಬರೆದ ದಿನಚರಿಯನ್ನು ಓದುತ್ತಿದ್ದೇನೆ. ಪುಸ್ತಕ ನಾದಿನಿಯ ಮನೆಯಲ್ಲಿದೆ. ಅವರ ಮಗ ವಾಟ್ಸಾಪ್‌ನಲ್ಲಿ ಕಳುಹಿಸಿದ ಫೋಟೋಗಳಷ್ಟೇ ನನ್ನ ಬಳಿ ಇವೆ. ನೀಲಿ ಶಾಯಿ ಮಾಸಿದೆ, ಕಾಗದ ಹಳದಿಯಾಗಿದೆ. ಫೆಬ್ರವರಿಯ ಒಂದು ಪುಟದಲ್ಲಿ “ಬೈಲಿನಲ್ಲಿ ಕೊಳವೆ ನಾಟಿ ನೋಡಿ ಬಂದೆ, ೨ ಎಕರೆ” ಎಂದು ಕಾಣುತ್ತದೆ. ಕೊಳವೆಯನ್ನು ಯಾರಾದರೂ ನಾಟಿ ಮಾಡುತ್ತಾರೆಯೆ? ಆ ಕೊನೆಯ ಅಕ್ಷರವನ್ನು ಸ್ಪಷ್ಟಪಡಿಸಿಕೊಳ್ಳುವ ದಾರಿ ತಿಳಿಸಿ.

ಶಾಯಿಪೆನ್ನು
ಮೊಬೈಲಿನ ಸ್ಕ್ಯಾನ್ ಆ್ಯಪ್‌ನಲ್ಲಿ ಹಾಕಿ ಕಪ್ಪು-ಬಿಳುಪು ಮಾಡಿ, ಮೇಡಂ. ಹಳದಿ ಬಣ್ಣ ಹೋಗಿ ಅಕ್ಷರಗಳು ಎದ್ದು ಕಾಣುತ್ತವೆ.

ಹಳೇ ಕಾಗದ
ನಮ್ಮ ತಂದೆಯವರ ಪತ್ರಗಳನ್ನು ಕತ್ತಲೆ ಕೋಣೆಯಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟು ಓದಿದ್ದೆವು. ಬಾಲ್‌ಪೆನ್ನು ಒತ್ತಿದ ಗೆರೆಯ ನೆರಳಿನಲ್ಲೇ ಇಡೀ ಸಾಲು ಸಿಕ್ಕಿತು.

ಪುತ್ತೂರಿನವ
ಅಮ್ಮಾ, ಅದು ‘ಕೊಳಕೆ’ ಆಗಿರಬೇಕು. ನಮ್ಮಲ್ಲಿ ಏಣೆಲು, ಸುಗ್ಗಿ ಆದ ಮೇಲೆ ತೆಗೆಯುವ ಮೂರನೆಯ ಭತ್ತದ ಬೆಳೆಗೆ ಕೊಳಕೆ ಎನ್ನುತ್ತೇವೆ. ನೀರಿನ ಆಸರೆ ಇರುವ ಬೈಲುಗದ್ದೆಯಲ್ಲಿ ಮಾತ್ರ ಅದು ಸಾಧ್ಯ. ಬೆಟ್ಟುಗದ್ದೆಗೆ ಒಂದೇ ಬೆಳೆ.

ಲಿಪಿಗಾರ
ಅರ್ಥವೂ ಕಾಲವೂ ಹೊಂದುತ್ತವೆ, ಆದರೆ ಅರ್ಥ ಮೊದಲೇ ಗೊತ್ತಾದರೆ ಕಣ್ಣು ಅದನ್ನೇ ಕಾಣುತ್ತದೆ. ಆದ್ದರಿಂದ ಗೆರೆಯನ್ನೂ ಪರೀಕ್ಷಿಸಿ. ಸ್ಕ್ಯಾನ್ ಆ್ಯಪ್ ಕಾಗದದ ಹಳದಿಯನ್ನು ತೆಗೆಯುತ್ತದೆ ನಿಜ, ಆದರೆ ತೆಳು ಗೆರೆಗಳನ್ನೂ ಕಾಗದವೆಂದೇ ಭಾವಿಸಿ ಅಳಿಸುತ್ತದೆ. ಟಾರ್ಚಿನ ಉಪಾಯಕ್ಕೆ ಮೂಲ ಪುಸ್ತಕವೇ ಬೇಕು, ಶಾಯಿಪೆನ್ನಿನ ಗುರುತು ಅಷ್ಟು ಆಳಕ್ಕೂ ಇಳಿದಿರುವುದಿಲ್ಲ.

ಮೊದಲು ಆ ಫೋಟೋವನ್ನು ವಾಟ್ಸಾಪ್‌ನಲ್ಲೇ ‘ಡಾಕ್ಯುಮೆಂಟ್’ ಆಗಿ ಮತ್ತೆ ತರಿಸಿಕೊಳ್ಳಿ. ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ಆಮೇಲೆ GIMP ತಂತ್ರಾಂಶದಲ್ಲಿ ತೆರೆದು Colors → Components → Extract Component ಒತ್ತಿ, RGB Red ಆರಿಸಿ. ಕೆಂಪು ಬೆಳಕನ್ನು ನೀಲಿ ಶಾಯಿ ಹೀರುತ್ತದೆ, ಹಳದಿ ಕಾಗದ ಹಿಂತಿರುಗಿಸುತ್ತದೆ. ಹೀಗಾಗಿ ಕಾಗದ ಬಿಳಿಯಾಗಿ ಶಾಯಿ ಕಪ್ಪಾಗುತ್ತದೆ. ಅಂಚುಗಳನ್ನು ಹರಿತಗೊಳಿಸಲು ಹೋಗಬೇಡಿ, ಇಲ್ಲದ ಗೆರೆಗಳು ಹುಟ್ಟುತ್ತವೆ.

‘ವೆ’ ಮತ್ತು ‘ಕೆ’ಗೆ ಇರುವ ವ್ಯತ್ಯಾಸವೆಂದರೆ ನಡುವಿನ ಅಡ್ಡಗೆರೆ. ಅದು ಪುಟದ ಮುದ್ರಿತ ನೀಲಿ ಗೆರೆಯ ಮೇಲೆಯೇ ಬಿದ್ದಿರಬಹುದೆಂಬುದು ನನ್ನ ಸಂಶಯ. ಮುದ್ರಿತ ಗೆರೆ ಆ ಅಕ್ಷರದೊಳಗೆ ಮಾತ್ರ ದಪ್ಪಗಿದೆಯೇ ನೋಡಿ, ಅದೇ ಪುಟದ ಇತರ ‘ಕೆ’ಗಳೊಂದಿಗೂ ಹೋಲಿಸಿ.

ನಿವೃತ್ತ ಶಿಕ್ಷಕಿ, ಮಂಡ್ಯ
ಮೊಮ್ಮಗಳು ಹಾಗೆಯೇ ಮಾಡಿಕೊಟ್ಟಳು. ಅಕ್ಷರದೊಳಗೆ ಗೆರೆ ದಪ್ಪಗಿದೆ, ಬಲಕ್ಕೆ ಕೊಂಚ ಚಾಚಿ ಕೆಳಗೆ ಬಾಗಿದೆ. ಅದೇ ಪುಟದ ‘ಬೆಳಿಗ್ಗೆ ಮಳಿಗೆಕೆರೆ’ ಎಂಬಲ್ಲಿನ ‘ಕೆ’ಯೂ ಹೀಗೆಯೇ ಬಾಗಿದೆ. ಆದ್ದರಿಂದ ‘ಕೊಳಕೆ’ ಎಂದೇ ಓದಿಕೊಂಡಿದ್ದೇನೆ. ಈಗ ಮುಂದಿನ ಅಂಕಿ ‘೨’ ಅಲ್ಲದೆ ‘೩’ ಇರಬಹುದೆಂದು ಅನಿಸುತ್ತಿದೆ, ಕೆಂಪು ಪದರದಲ್ಲೂ ಅದರ ನಡುಭಾಗ ಮೂಡಿಲ್ಲ.

ಲಿಪಿಗಾರ
ಅಲ್ಲಿ ಶಾಯಿಯೇ ಉಳಿದಿಲ್ಲದಿದ್ದರೆ ಫೋಟೋದಿಂದ ಹೇಳಲಾಗದು. ನಾದಿನಿಯವರ ಮಗನಿಗೆ ಆ ಅಂಕಿಯನ್ನಷ್ಟೇ ಹತ್ತಿರದಿಂದ, ಫ್ಲಾಶ್ ಇಲ್ಲದೆ ಕಿಟಕಿಯ ಬೆಳಕಿನಲ್ಲಿ ಮತ್ತೆ ತೆಗೆಯಲು ಹೇಳಿ. ಅಲ್ಲಿಯವರೆಗೆ ಪ್ರತಿಯಲ್ಲಿ “೨/೩?” ಎಂದೇ ಬರೆದಿಡಿ.