ಪದಚರ್ಚೆ: ‘ಮೂಲ ವಿಳಾಸ’ ಅಂತ ಬರೆದು ಕೆಟ್ಟೆ, ಬೇರೆ ಪದ ಇದೆಯಾ?

ನಮಸ್ಕಾರ. ಹಾಸನದ ನಮ್ಮ ಚಿಕ್ಕ ಆಫೀಸಿಗೆ ಹೊಸದಾಗಿ ಸೇರಿದವರಿಗೆ ಕನ್ನಡದಲ್ಲಿ ಒಂದು ಸೂಚನೆ ಹಾಳೆ ಬರೆಯುತ್ತಿದ್ದೇನೆ. ನಮ್ಮ ಕ್ಲೌಡ್ ಸರ್ವರ್‌ಗಳಿಗೆ ಪಬ್ಲಿಕ್ ಐಪಿ ಇಲ್ಲ. ಮುಂದೆ ಒಂದು ಬ್ಯಾಸ್ಟಿಯನ್ ಇದೆ, ಎಸ್‌ಎಸ್‌ಎಚ್‌ನಲ್ಲಿ ಅದನ್ನು ದಾಟಿಯೇ ಒಳಗೆ ಹೋಗಬೇಕು, ಅದರ 22ನೇ ಪೋರ್ಟ್ ಕೂಡ ಆಫೀಸಿನ ಐಪಿಗೆ ಮಾತ್ರ ತೆರೆದಿದೆ.

ಬ್ಯಾಸ್ಟಿಯನ್‌ಗೆ ‘ಕೊತ್ತಲ’ ಅಂತ ಬರೆದೆ. ಎಡವಿದ್ದು ‘ಸೋರ್ಸ್ ಅಡ್ರೆಸ್’ ಹತ್ತಿರ. ಒಳಗಿನ ಸರ್ವರ್‌ನ ಫೈರ್‌ವಾಲ್ ನಿಯಮದಲ್ಲಿ ‘ಮೂಲ ವಿಳಾಸ’ ಹಾಕಿ ಅಂದಿದ್ದನ್ನು ಓದಿ ಹುಡುಗ ಆಫೀಸಿನ ಐಪಿ ಹಾಕಿದ. ಮೂಲ ಅಂದರೆ ಹೊರಟ ಜಾಗ ತಾನೇ ಸರ್, ಹೇಮಾವತಿಯ ಮೂಲ ಮೂಡಿಗೆರೆ ಕಡೆ ಅಂದ ಹಾಗೆ ಅಲ್ವಾ ಅಂದ. ಅವನದೇನೂ ತಪ್ಪಿಲ್ಲ. ಬಂದಿದ್ದು ಇದು:

```
$ ssh -J ops@203.0.113.10 app@10.0.2.15
channel 0: open failed: connect failed: Connection timed out
stdio forwarding failed
```

ಅಂದರೆ ಕೊತ್ತಲ ನಮ್ಮನ್ನು ಬಿಟ್ಟಿದೆ, ಒಳಗಿನ ಸರ್ವರ್ ಬಿಟ್ಟಿಲ್ಲ. ಅದಕ್ಕೆ ಕಾಣುವುದು ಆಫೀಸಲ್ಲ, ಕೊತ್ತಲದ ಒಳ ಐಪಿ 10.0.1.5. ಅದನ್ನು ಹಾಕಿದ ಮೇಲೆ ಸರಿಹೋಯಿತು. ಈಗ ಪದ ಹೇಳಿ.

ಸಕಲೇಶಪುರದ ಮೇಷ್ಟ್ರು: ಮೊದಲು ಕೊತ್ತಲ ತೆಗೆಯಿರಿ. ಮಂಜರಾಬಾದ್ ಕೋಟೆ ಹತ್ತಿ ನೋಡಿ, ನಕ್ಷತ್ರದ ಎಂಟು ಮೂಲೆ ಹೊರಗೆ ಚಾಚಿವೆ. ಅವು ಶತ್ರುವಿನ ಮೇಲೆ ಕಣ್ಣಿಡೋಕೆ, ಯಾರೂ ಅಲ್ಲಿಂದ ಒಳಗೆ ಹೋಗುವುದಿಲ್ಲ. ನೀವು ಹೇಳುತ್ತಿರುವುದು ದಿಡ್ಡಿ ಬಾಗಿಲು, ಒಬ್ಬೊಬ್ಬರೇ ತಲೆ ತಗ್ಗಿಸಿ ನುಗ್ಗುವಂಥದ್ದು.

ಚಿಕ್ಕಮಗಳೂರಿಂದ, ಮನೆಯಲ್ಲೇ ಕೆಲಸ ಮಾಡುವವರು: ಪದ ಯಾವುದಾದರೂ ಇರಲಿ, ಇಲ್ಲಿ ಕರೆಂಟ್ ಹೋಗಿ ಬಂದರೆ ರೂಟರ್‌ಗೆ ಹೊಸ ಐಪಿ ಬರುತ್ತೆ. ರೂಟರ್ ಪುಟದಲ್ಲಿದ್ದ 100.72 ಅಂತ ಶುರುವಾಗುವ ವಿಳಾಸ ಹಾಕಿದರೂ ಬ್ಯಾಸ್ಟಿಯನ್ ಬಿಡಲಿಲ್ಲ, ಸುಮ್ನೆ ಕಾದು ಕಾದು ಟೈಮ್‌ಔಟ್. ಬೇಜಾರಾಗಿ `0.0.0.0/0` ಹಾಕಿಬಿಟ್ಟೆ. ಕೀ ಇದೆಯಲ್ಲ, ಅದನ್ನೂ ಬ್ಯಾಸ್ಟಿಯನ್ ಮೇಲೆಯೇ ಇಟ್ಟಿದ್ದೇನೆ.

ಅರಸೀಕೆರೆಯಿಂದ, ಸಿಸ್ಟಂ ಅಡ್ಮಿನ್: ಅಯ್ಯೋ, ಆ `0.0.0.0/0` ಅನ್ನು ಇವತ್ತೇ ಅಳಿಸಿ. ಕೀ ಬೇಕು ನಿಜ, ಆದರೆ ಊರಿಗೆಲ್ಲ ಬಾಗಿಲು ತೆರೆದು ಒಳಮನೆ ಕೀಯನ್ನು ಅಲ್ಲೇ ನೇತುಹಾಕಿದ ಹಾಗಾಯಿತು. `-J` ಬಳಸಿದರೆ ಎರಡೂ ಕಡೆಯ ಲಾಗಿನ್ ನಿಮ್ಮ ಲ್ಯಾಪ್‌ಟಾಪಿನಿಂದಲೇ ಆಗುತ್ತೆ, ಬ್ಯಾಸ್ಟಿಯನ್ ಬರೀ ದಾಟಿಸುತ್ತೆ. 100.64ರಿಂದ 100.127ರವರೆಗಿನದು ಇಂಟರ್‌ನೆಟ್ ಕಂಪನಿ ತನ್ನೊಳಗೆ ಕೊಡುವ ವಿಳಾಸ. ಹೊರಗೆ ಕಾಣುವ ಐಪಿ ಬೇರೆ, ಅದಕ್ಕೆ `/32` ಸೇರಿಸಿ ಹಾಕಿ. ಅದೇ ಐಪಿಯಲ್ಲಿ ನಿಮ್ಮ ಬೀದಿಯವರೂ ಇರಬಹುದು, ಹಾಗಾಗಿ ನಿಯಮ ಒಂದೇ ಸಾಲದು.

ಪದಕ್ಕೆ ‘ಬಂದ ವಿಳಾಸ’ ಅನ್ನಿ. ಯಾವ ಮೆಷಿನ್‌ಗೆ ನಿಯಮ ಹಾಕುತ್ತಿದ್ದೀರೋ ಅದಕ್ಕೆ ಯಾರು ಬಂದ ಹಾಗೆ ಕಾಣುತ್ತೆ ಅನ್ನುವುದು ಮುಖ್ಯ. ನಿಮ್ಮ ಹುಡುಗನೂ ಎಡವುತ್ತಿರಲಿಲ್ಲ.

ಹಾಸನದಿಂದ ಮತ್ತೆ: ‘ಬಂದ ವಿಳಾಸ’ ಹಾಳೆಗೆ ಹಾಕಿದೆ. ದಿಡ್ಡಿ ಚೆನ್ನಾಗಿದೆ ಮೇಷ್ಟ್ರೇ, ಆದರೆ ಹುಡುಗರಿಗೆ ಸ್ಕ್ರೀನಿನಲ್ಲಿ ಕಾಣುವ ಹೆಸರು `bastion`. ಸದ್ಯಕ್ಕೆ ಎರಡನ್ನೂ ಬರೆದಿದ್ದೇನೆ.

ಸಕಲೇಶಪುರದ ಮೇಷ್ಟ್ರು: ಕೊತ್ತಲ ಹೋಯಿತಲ್ಲ, ಅಷ್ಟು ಸಾಕು.