ಪ್ಯಾಂಟು: ಹೊಲಿಸುವುದಾ, ರೆಡಿಮೇಡ್ ತಗೊಳ್ಳುವುದಾ?

ಹೊಸಬ_34: ಸೊಂಟ 34, ಸೀಟು ಅಂದರೆ ಹಿಂಭಾಗದ ಸುತ್ತಳತೆ 42 ಇಂಚು. ಬಟ್ಟೆ, ಹೊಲಿಗೆ ಕೂಲಿ ಎಲ್ಲಾ ಸೇರಿಸಿದರೆ ಫಾರ್ಮಲ್ ಪ್ಯಾಂಟು ಹೊಲಿಸುವುದು ಲಾಭವೋ, ರೆಡಿಮೇಡ್ ತಗೊಂಡು ಆಲ್ಟರ್ ಮಾಡಿಸುವುದು ಲಾಭವೋ?

ಲೆಕ್ಕಾಚಾರಿ: ಕಣ್ಣು ಮುಚ್ಚಿ ರೆಡಿಮೇಡ್. ಅದರ ಬೆಲೆ 100 ಅಂತಿಟ್ಟುಕೊಳ್ಳಿ. ಹೊಲಿಗೆ ಕೂಲಿ 55, ಬಟ್ಟೆ 50 ಆದರೆ ಅಲ್ಲಿಗೇ 105 ಆಯ್ತು. ಮೇಲೆ ಟೈಲರ್ ಅಂಗಡಿಗೆ ಅಲೆದಾಟ.

ಕತ್ತರಿಕೈ: ಕೂಡಿದ್ದು ಸರಿ, ಆದರೆ ಇವರ ಅಳತೆಗೆ 100ರಲ್ಲಿ ಕೆಲಸ ಮುಗಿಯುವುದಿಲ್ಲ. 34ರ ರೆಡಿಮೇಡ್ ಪ್ಯಾಂಟು ಸಾಮಾನ್ಯವಾಗಿ 40ರ ಆಸುಪಾಸಿನ ಸೀಟಿಗೆ ಕೂರುವ ಹಾಗೆ ಇರುತ್ತೆ. 42ರವರು ಹಾಕಿಕೊಂಡರೆ ಸೊಂಟ ಸರಿಯಾಗಿ ಕೂತರೂ ಪಕ್ಕದ ಜೇಬು ಬಾಯಿ ಬಿಟ್ಟುಕೊಳ್ಳುತ್ತೆ, ಜಿಪ್ಪಿನ ಕೆಳಗೆ ಅಡ್ಡ ಸುಕ್ಕು ಬೀಳುತ್ತೆ. ಹಾಗಾಗಿ ಸೀಟು ನೋಡಿ 36 ತಗೊಂಡು ಸೊಂಟ 2 ಇಂಚು ಒಳಗೆ ಹಿಡಿಸಬೇಕು. ಅದಕ್ಕೆ 10, ಅಗಲವಾದ ಕಾಲು ಸಣ್ಣ ಮಾಡಲು 10, ಉದ್ದ ಕಡಿಮೆ ಮಾಡಲು 5. ಒಟ್ಟು 125. ನಿಮ್ಮ ಕಡೆಯ ದರ ಹಾಕಿಕೊಂಡು ನೋಡಿ, ಅಂತರ ಕಡಿಮೆ ಆದೀತು, ಆದರೆ ಆಲ್ಟರ್ ಕೂಲಿಯನ್ನು ಬಿಟ್ಟು ಲೆಕ್ಕ ಹಾಕಬೇಡಿ.

ಇನ್ನೊಂದು ಮಾತು. ಆ 2 ಇಂಚನ್ನು ಹಿಂದಿನ ನಡುಹೊಲಿಗೆಯಲ್ಲೇ ಹಿಡಿಯುವುದು, ಎರಡೂ ಕಡೆ ಒಂದೊಂದು ಇಂಚು, ಸೀಟಿನ ಕಡೆ ಬರುತ್ತಾ ಸೊನ್ನೆಗೆ ತರಬೇಕು. ಹಿಂದಿನ ಜೇಬುಗಳೂ ಹತ್ತಿರ ಬರುತ್ತವೆ. 2 ಇಂಚಿಗಿಂತ ಹೆಚ್ಚು ಹಿಡಿದರೆ ಎರಡು ಜೇಬೂ ಒಂದಕ್ಕೊಂದು ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತವೆ, ನೋಡಲು ಚೆನ್ನಾಗಿರಲ್ಲ.

ಮಲ್ಲಿಗೆ: ನನಗೆ ಶರ್ಟಿನ ಭುಜವೇ ಜಾರುತ್ತೆ. ಅದನ್ನೂ ಹೀಗೇ ಹಿಡಿಸಬಹುದಾ?

ಕತ್ತರಿಕೈ: ಪ್ರಶ್ನೆ ಪ್ಯಾಂಟಿನದು ಅಕ್ಕಾ. ಭುಜ ಹಿಡಿಯಲು ತೋಳು ಬಿಚ್ಚಿ, ಕಂಕುಳ ಸುತ್ತು ಮತ್ತೆ ಕತ್ತರಿಸಿ, ತೋಳು ಕೂರಿಸಬೇಕು. ಶರ್ಟು ಕೊಳ್ಳುವಾಗ ಭುಜ ನೋಡಿ ತಗೊಳ್ಳಿ, ಪಕ್ಕದ ಹೊಲಿಗೆ ಹಿಡಿಯುವುದು ಸುಲಭ.

ಲೆಕ್ಕಾಚಾರಿ: ಒಪ್ಪಿದೆ. ಆದರೆ ರೆಡಿಮೇಡನ್ನು ಆಮೇಲೆ ದೊಡ್ಡದು ಮಾಡಕ್ಕೇ ಆಗಲ್ಲ ಅಂತ ಟೈಲರುಗಳು ಹೆದರಿಸುತ್ತಾರಲ್ಲ?

ಕತ್ತರಿಕೈ: ಅರ್ಧ ನಿಜ. ಹೊಲಿಸಿದ ಪ್ಯಾಂಟಿನ ಹಿಂದೆ ಒಂದೊಂದು ಕಡೆ 1ರಿಂದ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟಿರುತ್ತಾರೆ. ಸೊಂಟದ ಪಟ್ಟಿಯೂ ನಡುವೆ ಸೇರುವ ಎರಡು ತುಂಡು, ಅದಕ್ಕೇ ಬಿಚ್ಚುವುದು ಸಲೀಸು. ರೆಡಿಮೇಡಿನ ಅನೇಕ ಪ್ಯಾಂಟುಗಳಲ್ಲಿ ಪಟ್ಟಿ ಒಂದೇ ತುಂಡು, ಒಳಗೆ ಬಟ್ಟೆಯೂ ಇರಲ್ಲ. ಕೊಳ್ಳುವ ಮೊದಲು ಒಳಗೆ ಮಗುಚಿ ನೋಡಿ, ಬೆರಳಗಲ ಬಟ್ಟೆ ಕಾಣದಿದ್ದರೆ ಅಷ್ಟೇ. ಇವರ ವಿಷಯ ಬೇರೆ: 36ನ್ನು 34 ಮಾಡಿಸುವಾಗ "ಹೆಚ್ಚಿನ ಬಟ್ಟೆ ಕತ್ತರಿಸಬೇಡಿ" ಅಂತ ಮೊದಲೇ ಹೇಳಿದರೆ, ನಾಳೆ ಸೊಂಟ ಬೆಳೆದರೆ ಅದೇ ಬಟ್ಟೆ ಕೈಗೆ ಬರುತ್ತೆ. ಕಡು ಬಣ್ಣದ ಕಾಟನ್ನಾದರೆ ಬಿಚ್ಚಿದ ಜಾಗ ಮಾತ್ರ ಮಾಸದೆ ಗೆರೆಯಾಗಿ ಕಾಣುತ್ತೆ.

ಅಂಚುಪಟ್ಟಿ: ಬಟ್ಟೆಗೆ 50 ಅನ್ನುವುದೂ ಅಂದಾಜೇ. 58 ಇಂಚು ಅಗಲದ್ದಾದರೆ 40 ಇಂಚು ಉದ್ದದ ಪ್ಯಾಂಟಿಗೆ 1.25 ಮೀಟರ್ ಸಾಕು. 36 ಇಂಚು ಅಗಲದ್ದಾದರೆ ಎರಡೂಕಾಲು ಮೀಟರಿಗೂ ಮೇಲೆ ಬೇಕು. ಮೀಟರ್ ದರ ಕಡಿಮೆ ಅಂತ ತಂದವರು ಇಲ್ಲೇ ಬೀಳುವುದು. 42ರ ಸೀಟಿಗೆ ಹಿಂಭಾಗ ಅಗಲ, ಕೊಳ್ಳುವ ಮೊದಲು ಟೈಲರನ್ನೇ ಕೇಳಿ. ಕಾಟನ್ ಆದರೆ ಕತ್ತರಿಸುವ ಮೊದಲು ನೆನೆಸಿ ಒಣಗಿಸಿ. ನೂರಕ್ಕೆ 3 ಕುಗ್ಗಿದರೂ 40 ಇಂಚಿನಲ್ಲಿ ಒಂದು ಇಂಚಿಗೂ ಹೆಚ್ಚು ಹೋಯಿತು, ಕಾಲು ಗಿಡ್ಡ.

ಲೆಕ್ಕಾಚಾರಿ: ಟೈಲರ್ ಕೆಡಿಸಿದರೆ? ಬಟ್ಟೆ ದುಡ್ಡು ಯಾರು ಕೊಡ್ತಾರೆ? ರೆಡಿಮೇಡ್ ಹಾಕಿ ನೋಡಿ, ಬೇಡವಾದರೆ ಬಿಟ್ಟು ಬರಬಹುದು.

ಕತ್ತರಿಕೈ: ಅದು ನಿಜವಾದ ತೊಂದರೆ. ಹಿಂಬದಿ ಹೊಲಿಗೆ ಕಚ್ಚಾ ಇರುವಾಗಲೇ ಟ್ರಯಲ್ ಕೇಳಿ, ಕೂತು ನೋಡಿ. ಸೊಂಟದಿಂದ ತೊಡೆಸಂದಿಗೆ ಇರುವ ಉದ್ದ ಕಡಿಮೆ ಕತ್ತರಿಸಿದ್ದರೆ ಕೂತಾಗ ಹಿಂದೆ ಕೆಳಗಿಳಿಯುತ್ತೆ. ಅದನ್ನು ಆಮೇಲೆ ಸರಿಮಾಡಲು ಬಟ್ಟೆಯೇ ಇರಲ್ಲ, ರೆಡಿಮೇಡಿನದ್ದಂತೂ ಆಗುವುದೇ ಇಲ್ಲ.

ಹೊಸಬ_34: ಅಂಗಡಿಯಲ್ಲಿ 36 ಹಾಕಿ ಕೂತು ನೋಡಿದೆ, ಹಿಂದೆ ಇಳಿಯುತ್ತೆ. ಹಾಗಾದರೆ ಒಂದು ಹೊಲಿಸಿ ನೋಡುತ್ತೇನೆ.

ಲೆಕ್ಕಾಚಾರಿ: ಬೇರೆ ಕಟ್ಟಿನ ಪ್ಯಾಂಟು ಹಾಕಿ ನೋಡಿದಿರಾ? ಎಲ್ಲಾ 36ರ ಕಟ್ಟಿಂಗೂ ಒಂದೇ ಅಲ್ಲ.