ಸೂಪರ್‌ಚಾರ್ಜರ್ ಮಿನಿ: 4500 ಆರ್‌ಪಿಎಂ ದಾಟಿದ ಮೇಲೆ ಬೂಸ್ಟ್ ಇಳಿಯುತ್ತಿದೆ

ಕೊವೆಂಟ್ರಿ ಕನ್ನಡಿಗ:
ನಮಸ್ಕಾರ. ನನ್ನದು 2005ರ ಮಿನಿ ಕೂಪರ್ ಎಸ್, 1.6 ಲೀಟರ್, ಈಟನ್ ಎಂ45 ಸೂಪರ್‌ಚಾರ್ಜರ್. ಹಿಂದಿನ ಮಾಲೀಕರು ಸೂಪರ್‌ಚಾರ್ಜರ್‌ಗೆ ಶೇ. 15ರಷ್ಟು ಚಿಕ್ಕ ಪುಲ್ಲಿ ಹಾಕಿಸಿದ್ದಾರೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಎಳೆಯುತ್ತದೆ, ಅದರಲ್ಲಿ ದೂರಿಲ್ಲ. 4500 ಆರ್‌ಪಿಎಂವರೆಗೆ ಗೇಜ್ 14 ಪಿಎಸ್‌ಐ ತೋರಿಸುತ್ತದೆ. ಆಮೇಲೆ ಇಳಿಯುತ್ತಾ 6500ಕ್ಕೆ 9 ಆಗುತ್ತದೆ. ಎಂಜಿನ್ ಲೈಟ್ ಬಂದಿಲ್ಲ. ಎಲ್ಲಿ ನೋಡಲಿ?

ಡೀಸೆಲ್ ದಾವಣಗೆರೆ:
ಇಂಟರ್‌ಕೂಲರ್ ಹೋಸ್ ಬಿಟ್ಟಿರುತ್ತೆ ಅಣ್ಣ. ನನ್ನ ಟರ್ಬೊ ಡೀಸೆಲ್‌ನಲ್ಲೂ ಹೀಗೇ ಆಗಿತ್ತು. ಸೋಪು ನೀರು ಹಾಕಿ ನೋಡಿ, ಗುಳ್ಳೆ ಬರುತ್ತೆ.

ಹಳೆ ಗ್ಯಾರೇಜ್:
ಹೋಸ್ ನೋಡುವುದು ತಪ್ಪಲ್ಲ, ಆ ಕಾರಿನಲ್ಲಿ ಇಂಟರ್‌ಕೂಲರ್‌ನ ರಬ್ಬರ್ ಬೂಟುಗಳು ಬಿಡುವುದುಂಟು. ಆದರೆ ಈ ಲಕ್ಷಣ ಸೋರಿಕೆಯದಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಬರುವ ಗಾಳಿಯೇ ಕಡಿಮೆ. ತೂತಿದ್ದರೆ ಅದರಲ್ಲಿ ದೊಡ್ಡ ಪಾಲು ಅಲ್ಲೇ ಹೋಗಬೇಕಿತ್ತು. ಇವರಿಗೆ ಕೆಳಗೆ ಬೂಸ್ಟ್ ಚೆನ್ನಾಗಿದೆ, ಮೇಲೆ ಇಲ್ಲ.

ಲೆಕ್ಕ ನೋಡಿ. ಎಂ45 ಒಂದು ಸುತ್ತಿಗೆ ಸುಮಾರು 0.74 ಲೀಟರ್ ಗಾಳಿ ತಳ್ಳುತ್ತದೆ. ಕಂಪನಿಯ ಪುಲ್ಲಿಯಲ್ಲಿ ಎಂಜಿನ್ ಒಂದು ಸುತ್ತು ಹೊಡೆದರೆ ಅದು ಸುಮಾರು ಎರಡು ಸುತ್ತು ಹೊಡೆಯುತ್ತದೆ. ಅಂದರೆ 1.5 ಲೀಟರ್. ಅದೇ ಒಂದು ಸುತ್ತಿಗೆ ಎಂಜಿನ್ ನುಂಗುವುದು 0.8 ಲೀಟರ್ ಮಾತ್ರ. ಒತ್ತಡ ಹುಟ್ಟುವುದು ಈ ವ್ಯತ್ಯಾಸದಿಂದ. 2000ದಲ್ಲೂ 6500ರಲ್ಲೂ ಅನುಪಾತ ಒಂದೇ. ಕಾಲಿಟ್ಟ ಕ್ಷಣವೇ ಎಳೆತ ಸಿಗುವುದು ಇದಕ್ಕೇ. ಟರ್ಬೊ ಹಾಗಲ್ಲ, ಎಕ್ಸಾಸ್ಟ್ ಸಾಕಷ್ಟು ಬಂದು ಅದರ ಚಕ್ರ ವೇಗ ಹಿಡಿಯುವವರೆಗೆ ಕಾಯಬೇಕು.

ಬೆಲ್ಟ್ ಹಿಡಿತ ಸರಿಯಾಗಿದ್ದರೆ ನಿಮ್ಮ ಗೇಜ್ ಮೇಲೆ ಹೀಗೆ ಬೀಳಬಾರದು. ಬೀಳುತ್ತಿದೆ ಎಂದರೆ ಅನುಪಾತವೇ ಮುರಿಯುತ್ತಿದೆ. ಬೆಲ್ಟ್ ಜಾರುತ್ತಿದೆ ಎಂದೇ ನನ್ನ ಅನುಮಾನ. ಪುಲ್ಲಿ ಚಿಕ್ಕದಾದರೆ ಬೆಲ್ಟ್ ಸುತ್ತಿಕೊಳ್ಳುವ ಜಾಗವೂ ಕಡಿಮೆ. ಚಿಕ್ಕ ಪುಲ್ಲಿಗೆ ಗಿಡ್ಡ ಬೆಲ್ಟ್ ಹಾಕಿದ್ದಾರಾ ನೋಡಿ. ಹಾಕಿಲ್ಲದಿದ್ದರೆ ಟೆನ್ಷನರ್ ತನ್ನ ಕೊನೆಗೆ ಬಂದು ನಿಂತಿರುತ್ತದೆ, ಎಳೆಯಲು ಅದಕ್ಕೆ ಜಾಗವೇ ಇರುವುದಿಲ್ಲ. ಪುಲ್ಲಿಯ ಸುತ್ತ ಕಪ್ಪು ರಬ್ಬರ್ ಪುಡಿ ಇದೆಯಾ ಅಂತಲೂ ನೋಡಿ.

ಸಿಲ್ಕ್‌ಬೋರ್ಡ್ ಸವಾರ:
ಗುರುಗಳೇ, ನನ್ನದು 1.0 ಲೀಟರ್ ಟರ್ಬೊ ಪೆಟ್ರೋಲ್. ಟ್ರಾಫಿಕ್‌ನಲ್ಲಿ 1800ರ ಕೆಳಗೆ ಏನೂ ಇಲ್ಲ. ಟರ್ಬೊ ತೆಗೆದು ಸೂಪರ್‌ಚಾರ್ಜರ್ ಹಾಕಿಸಬಹುದಾ? ಹೇಗೂ ಬೆಲ್ಟ್ ತಿರುಗ್ತಾನೇ ಇರುತ್ತೆ, ಮೈಲೇಜಿಗೆ ಹೊಡೆತ ಇಲ್ಲ ಅಲ್ವಾ?

ಹಳೆ ಗ್ಯಾರೇಜ್:
ಹೊಡೆತ ಇದೆ. ಆ ಬೆಲ್ಟನ್ನು ಎಳೆಯುವುದು ಕ್ರ್ಯಾಂಕೇ. ಮಿನಿಯಂಥ ಎಂಜಿನ್ ಪೂರ್ತಿ ಓಡುವಾಗ ಸುಮಾರು 20 ಎಚ್‌ಪಿ ಸೂಪರ್‌ಚಾರ್ಜರ್ ತಿರುಗಿಸಲಿಕ್ಕೇ ಹೋಗುತ್ತದೆ. ಆ ಪೆಟ್ರೋಲ್ ನೀವೇ ಕೊಡಬೇಕು. ಜೊತೆಗೆ ರೂಟ್ಸ್ ಮಾದರಿ ತನ್ನೊಳಗೆ ಗಾಳಿಯನ್ನು ಒತ್ತುವುದಿಲ್ಲ. ಸುಮ್ನೆ ಮುಂದಕ್ಕೆ ತಳ್ಳುತ್ತದೆ, ಒತ್ತಡ ಮ್ಯಾನಿಫೋಲ್ಡ್ ಕಡೆ ಹುಟ್ಟುತ್ತದೆ. ಹಾಗಾಗಿ ಬಿಸಿ ಜಾಸ್ತಿ. 30 ಡಿಗ್ರಿಯ ಗಾಳಿ 12 ಪಿಎಸ್‌ಐಗೆ ಏರುವಾಗ ಇಂಟರ್‌ಕೂಲರ್‌ಗೆ ಮೊದಲು ಸುಮಾರು 130 ಆಗುತ್ತದೆ. ಒಳ್ಳೆಯ ಟರ್ಬೊದಲ್ಲಿ ಇದಕ್ಕಿಂತ 20 ಡಿಗ್ರಿಯಷ್ಟು ಕಡಿಮೆ.

2005ರಲ್ಲಿ ಫೋಕ್ಸ್‌ವ್ಯಾಗನ್ ತನ್ನ 1.4 ಎಂಜಿನ್‌ಗೆ ಎರಡನ್ನೂ ಹಾಕಿತು. ಕೆಳಗೆ ಸೂಪರ್‌ಚಾರ್ಜರ್, 3500 ದಾಟಿದರೆ ಮ್ಯಾಗ್ನೆಟಿಕ್ ಕ್ಲಚ್ ಅದನ್ನು ಬಿಟ್ಟು ಟರ್ಬೊ ಒಂದೇ. ಕಾರ್ಖಾನೆಯವರೇ ಅದನ್ನು ಪೂರ್ತಿ ಹೊತ್ತು ಎಳೆಯಲು ಒಪ್ಪಲಿಲ್ಲ. ನಿಮ್ಮ ಕಾರಿಗೆ ಈ ಬದಲಾವಣೆ ಬೇಡ. ಟ್ರಾಫಿಕ್‌ನಲ್ಲಿ ಒಂದು ಗೇರ್ ಕೆಳಗೆ ಓಡಿಸಿ.

ಡೀಸೆಲ್ ದಾವಣಗೆರೆ:
ಹಾಗಾದ್ರೆ ಟರ್ಬೊ ಪೂರ್ತಿ ಪುಕ್ಕಟೆ.

ಹಳೆ ಗ್ಯಾರೇಜ್:
ಪುಕ್ಕಟೆ ಅಲ್ಲ. ಟರ್ಬೈನ್ ಅಡ್ಡ ಇರುವುದರಿಂದ ಎಕ್ಸಾಸ್ಟ್ ಹೊರಗೆ ತಳ್ಳಲು ಪಿಸ್ಟನ್ ಹೆಚ್ಚು ದುಡಿಯಬೇಕು. ಆದರೆ ಹೊರಗೆ ಹೋಗಿಬಿಡುತ್ತಿದ್ದ ಶಾಖದಲ್ಲಿ ಒಂದು ಪಾಲು ವಾಪಸ್ ಸಿಗುತ್ತದೆ. ಬೆಲ್ಟ್‌ನಲ್ಲಿ ಅದು ಸಿಗುವುದಿಲ್ಲ.

ಕೊವೆಂಟ್ರಿ ಕನ್ನಡಿಗ:
ನೋಡಿದೆ ಸರ್. ಬೆಲ್ಟ್ ಕಂಪನಿ ಅಳತೆಯದೇ, ಟೆನ್ಷನರ್ ಸ್ಟಾಪರ್‌ಗೆ ತಾಗುವಷ್ಟು ಹತ್ತಿರ ಇತ್ತು. ಪುಡಿಯೂ ಇತ್ತು. ಗಿಡ್ಡ ಬೆಲ್ಟ್ ಹಾಕಿಸಿದೆ. ಈಗ 6500ರಲ್ಲಿ 12 ಬರುತ್ತಿದೆ. ಪೂರ್ತಿ 14 ಇಲ್ಲ. ಹೈವೇಯಲ್ಲಿ ಮೈಲೇಜ್ ಮೊದಲಿನಷ್ಟೇ ಇದೆ, ಅದೇ ಆಶ್ಚರ್ಯ.

ಹಳೆ ಗ್ಯಾರೇಜ್:
ಮೈಲೇಜಿನದು ಆಶ್ಚರ್ಯವಲ್ಲ. ಒಂದೇ ವೇಗದಲ್ಲಿ ಹಗುರ ಕಾಲಿನಲ್ಲಿ ಹೋಗುವಾಗ ಬೈಪಾಸ್ ವಾಲ್ವ್ ತೆರೆದಿರುತ್ತದೆ. ಗಾಳಿ ಸುತ್ತಿ ಸುತ್ತಿ ಒಳಗೇ ಬರುತ್ತದೆ, ಒತ್ತಡವಿಲ್ಲ, ಹಾಗಾಗಿ ಹೊರೆಯೂ ತೀರಾ ಕಡಿಮೆ.

ಉಳಿದ 2 ಪಿಎಸ್‌ಐಗೆ ಕ್ರ್ಯಾಂಕ್ ಪುಲ್ಲಿ ನೋಡಿ. ಅದರ ಒಳ ಹಬ್‌ಗೂ ಹೊರ ರಿಂಗ್‌ಗೂ ನಡುವೆ ರಬ್ಬರ್ ಇದೆ. ರಬ್ಬರ್ ಬಿಟ್ಟರೆ ಬೆಲ್ಟ್ ಎಷ್ಟೇ ಬಿಗಿಯಿದ್ದರೂ ರಿಂಗೇ ಜಾರುತ್ತದೆ. ಹಬ್‌ನಿಂದ ರಿಂಗ್‌ವರೆಗೆ ಬಿಳಿ ಪೇಂಟ್‌ನಲ್ಲಿ ಒಂದು ನೇರ ಗೆರೆ ಎಳೆದು, ಜೋರಾಗಿ ಓಡಿಸಿ ಬನ್ನಿ. ಗೆರೆ ಮುರಿದಿದ್ದರೆ ಪುಲ್ಲಿ ಬದಲಿಸಬೇಕು, ತಡ ಮಾಡಬೇಡಿ. ಆ ಕಾರಿನಲ್ಲಿ ವಾಟರ್ ಪಂಪ್ ತಿರುಗುವುದೂ ಸೂಪರ್‌ಚಾರ್ಜರ್‌ನಿಂದಲೇ.

ಕೊವೆಂಟ್ರಿ ಕನ್ನಡಿಗ:
ಗೆರೆ ಎಳೆದಿದ್ದೇನೆ. ಮಳೆ ನಿಂತ ಮೇಲೆ ಓಡಿಸಿ ಫೋಟೋ ಹಾಕುತ್ತೇನೆ.